ತಿಂಗಳು ಬದಲಾದಾಗ ಹೊಸದಾಗಿ ಶುರುವಾಗುವ ಮೊತ್ತ

ಲೆಕ್ಕದ ಪಟ್ಟಿಯಲ್ಲಿ ಪ್ರತಿ ಸಾಲಿನ ಮೊಬಲಗಿನ ಪಕ್ಕದಲ್ಲಿ, ಅಲ್ಲಿಯವರೆಗಿನ ಮೊಬಲಗುಗಳನ್ನೆಲ್ಲ ಕೂಡಿ ಬರೆಯುವ ಕಾಲಂಗೆ ರನ್ನಿಂಗ್ ಟೋಟಲ್ ಎನ್ನುತ್ತಾರೆ. ಮೊದಲ ಸಾಲಿನಲ್ಲಿ ಅದು ಮೊದಲ ಮೊಬಲಗಷ್ಟೇ ಇರುತ್ತದೆ. ಎರಡನೆಯ ಸಾಲಿನಲ್ಲಿ ಎರಡೂ ಸೇರುತ್ತವೆ, ಮೂರನೆಯದರಲ್ಲಿ ಮೂರೂ. ಹೀಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಈ ಕಾಲಂನ ಒಂದು ಬಗೆ ಪ್ರತಿ ತಿಂಗಳ ಮೊದಲ ವಹಿವಾಟಿಗೆ ಹಿಂದಿನ ಮೊತ್ತವನ್ನು ಬಿಟ್ಟು ಹೊಸದಾಗಿ ಎಣಿಕೆ ಆರಂಭಿಸುತ್ತದೆ. ಅಂಗಡಿಯ ಮಾರಾಟ, ಮನೆಯ ಖರ್ಚು, ಡೇರಿಗೆ ಹಾಕಿದ ಹಾಲು, ಮಳೆಮಾಪಕದಲ್ಲಿ ಸಿಕ್ಕ ಮಿಲಿಮೀಟರುಗಳು ಇಂಥವನ್ನೆಲ್ಲ ಈ ಬಗೆಯ ಕಾಲಂನಲ್ಲಿ ಬರೆದಿಟ್ಟರೆ "ಈ ತಿಂಗಳು ಈವರೆಗೆ ಎಷ್ಟಾಯಿತು" ಎಂಬುದು ಯಾವ ದಿನ ನೋಡಿದರೂ ಕಣ್ಣೆದುರಿಗೇ ಇರುತ್ತದೆ. ಜೂನ್ 10ರ ಮೊತ್ತವನ್ನು ಮೇ 10ರ ಮೊತ್ತದ ಪಕ್ಕದಲ್ಲಿಟ್ಟು ನೋಡುವುದೂ ಸಾಧ್ಯವಾಗುತ್ತದೆ.

ಆದರೆ ಎಲ್ಲ ಲೆಕ್ಕಕ್ಕೂ ಇದು ಹೊಂದುವುದಿಲ್ಲ. ಕೈಯಲ್ಲಿರುವ ನಗದಿನ ಶಿಲ್ಕು, ಬ್ಯಾಂಕಿನ ಬಾಕಿ, ಗೋದಾಮಿನ ದಾಸ್ತಾನು, ತೀರಿಸಬೇಕಾದ ಸಾಲ ಇವು ತಿಂಗಳು ಬದಲಾದ ಮಾತ್ರಕ್ಕೆ ಸೊನ್ನೆಯಾಗುವುದಿಲ್ಲ. ತಿಂಗಳ ಕೊನೆಯ ಅಖೈರು ಶಿಲ್ಕೇ ಮುಂದಿನ ತಿಂಗಳ ಆರಂಭದ ಶಿಲ್ಕಾಗುತ್ತದೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಕೇಳುವ ಲೆಕ್ಕಕ್ಕೆ ತಿಂಗಳಿಗೊಮ್ಮೆ ಹೊಸದಾಗಿ ಶುರುವಾಗುವ ಕಾಲಂ ಬೇಕು. ಈಗ ಉಳಿದಿರುವುದೆಷ್ಟು ಎಂದು ಕೇಳುವ ಲೆಕ್ಕಕ್ಕೆ ಎಡೆಬಿಡದೆ ಮುಂದುವರಿಯುವ ಕಾಲಂ ಬೇಕು. ಒಂದೇ ಪುಸ್ತಕದಲ್ಲಿ ಎರಡೂ ಇರಬಹುದು, ಆದರೆ ಎರಡು ಬೇರೆ ಬೇರೆ ಕಾಲಂಗಳಾಗಿ.

ಕಾಗದದ ಪುಸ್ತಕದಲ್ಲಿ ಈ ಕೆಲಸ ಬರೆಯುವವರ ಕಣ್ಣಿಗೆ ಬಿಟ್ಟದ್ದು. ಹೊಸ ತಿಂಗಳು ಬಂತೆಂದು ಕಂಡೊಡನೆ ಗೆರೆ ಎಳೆದು ಮೊದಲಿನಿಂದ ಕೂಡುತ್ತಾರೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್‌ನಂಥ ಸ್ಪ್ರೆಡ್‌ಶೀಟ್‌ಗಳಲ್ಲಿ ಆ ಗೆರೆ ಎಲ್ಲಿ ಬೀಳಬೇಕೆಂಬುದನ್ನು ಸೂತ್ರವೇ ಕಂಡುಹಿಡಿಯಬೇಕು. ಇದರಲ್ಲಿ ಕೂಡುವ ಭಾಗ ಸುಲಭ. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ದಿನಾಂಕವನ್ನು ಅರ್ಥಮಾಡಿಕೊಳ್ಳುವ ಭಾಗದಲ್ಲಿ.

ಒಂದು ಅಂಗಡಿಯ ಪುಸ್ತಕ

ಉದಾಹರಣೆಗೆ ಒಂದು ಸಣ್ಣ ಸ್ಟೇಷನರಿ ಅಂಗಡಿಯನ್ನು ತೆಗೆದುಕೊಳ್ಳಬಹುದು. ಶಾಲೆಗಳು ತೆರೆಯುವ ಹೊತ್ತಿಗೆ, 2025ರ ಮೇ 29ರಂದು, ಅಲ್ಲಿ ಹೊಸ ಲೆಕ್ಕ ಆರಂಭವಾಗಿದೆ ಎಂದುಕೊಳ್ಳೋಣ. ಭಾನುವಾರ ಅಂಗಡಿಗೆ ರಜೆ. ಕೆಲವು ದಿನ ನಗದು ಮಾರಾಟಕ್ಕೊಂದು, ಯುಪಿಐ ಮಾರಾಟಕ್ಕೊಂದು ಎಂದು ಎರಡು ಸಾಲು ಬರೆಯುತ್ತಾರೆ. A ಕಾಲಂನಲ್ಲಿ ದಿನಾಂಕ, Bಯಲ್ಲಿ ಮಾರಾಟ, Cಯಲ್ಲಿ ತಿಂಗಳ ಮೊತ್ತ. ಮೊದಲ ಸಾಲು ಶೀರ್ಷಿಕೆಗೆ ಹೋಗುವುದರಿಂದ ಲೆಕ್ಕ ಎರಡನೆಯ ಸಾಲಿನಿಂದ ಶುರುವಾಗುತ್ತದೆ.

| ಸಾಲು | A: ದಿನಾಂಕ | B: ಮಾರಾಟ (ರೂ.) | C: ತಿಂಗಳ ಮೊತ್ತ (ರೂ.) |
|---|---|---|---|
| 2 | 29/05/2025 | 3,200 | 3,200 |
| 3 | 30/05/2025 | 4,100 | 7,300 |
| 4 | 31/05/2025 | 2,700 | 10,000 |
| 5 | 31/05/2025 | 1,500 | 11,500 |
| 6 | 02/06/2025 | 5,200 | 5,200 |
| 7 | 02/06/2025 | 1,800 | 7,000 |
| 8 | 03/06/2025 | 4,600 | 11,600 |

C ಕಾಲಂನಲ್ಲಿ ಬರಬೇಕಾದ ಸರಿಯಾದ ಉತ್ತರಗಳಿವು. ಮೇ ತಿಂಗಳು 11,500 ರೂಪಾಯಿಗೆ ಮುಗಿದಿದೆ. ಜೂನ್‌ನ ಮೊದಲ ಸಾಲು ಆ 11,500ನ್ನು ಹೊತ್ತುಕೊಂಡು ಬಂದಿಲ್ಲ, ತನ್ನ 5,200ರಿಂದಲೇ ಶುರುವಾಗಿದೆ.

ಮೊದಲು ಹೊಳೆಯುವ ಸೂತ್ರ ಏಕೆ ಸಾಲದು

ತಿಂಗಳು 1ನೇ ತಾರೀಕಿಗೆ ಶುರುವಾಗುತ್ತದೆ; ಹಾಗಾಗಿ ತಾರೀಕು 1 ಆಗಿದ್ದರೆ ಹೊಸದಾಗಿ ಶುರುಮಾಡು, ಇಲ್ಲದಿದ್ದರೆ ಹಿಂದಿನದಕ್ಕೆ ಕೂಡು ಎಂಬ ಸೂತ್ರ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಮೂರನೆಯ ಸಾಲಿನಲ್ಲಿ ಅದನ್ನು ಹೀಗೆ ಬರೆಯುತ್ತಾರೆ:

```
=IF(DAY(A3)=1,B3,C2+B3)
```

ಮೇಲಿನ ಪುಸ್ತಕದಲ್ಲಿ ಇದು ಕೂಡಲೇ ಸೋಲುತ್ತದೆ. 2025ರ ಜೂನ್ 1 ಭಾನುವಾರ. ಅಂದು ಅಂಗಡಿ ತೆರೆದಿಲ್ಲ, ಆ ದಿನಾಂಕದ ಸಾಲೇ ಪುಸ್ತಕದಲ್ಲಿಲ್ಲ. 1ನೇ ತಾರೀಕು ಸಿಗದ ಕಾರಣ ಸೂತ್ರ ಮೇ ತಿಂಗಳ 11,500ಕ್ಕೆ ಜೂನ್ 2ರ 5,200ನ್ನು ಸೇರಿಸಿ 16,700 ಎಂದು ತೋರಿಸುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. 1ನೇ ತಾರೀಕಿನಂದು ನಗದಿಗೊಂದು, ಯುಪಿಐಗೊಂದು ಎಂದು ಎರಡು ಸಾಲು ಬಂದರೆ ಮೊತ್ತ ಎರಡು ಸಲ ಹೊಸದಾಗಿ ಶುರುವಾಗಿ, ಮೊದಲ ಸಾಲಿನ ಹಣ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಆದ್ದರಿಂದ ಸೂತ್ರ ಹುಡುಕಬೇಕಾದದ್ದು 1ನೇ ತಾರೀಕನ್ನಲ್ಲ. ಈ ಸಾಲಿನ ದಿನಾಂಕವೂ ಹಿಂದಿನ ಸಾಲಿನ ದಿನಾಂಕವೂ ಒಂದೇ ವರ್ಷದ ಒಂದೇ ತಿಂಗಳಿಗೆ ಸೇರಿವೆಯೇ ಎಂಬುದನ್ನು ಅದು ನೋಡಬೇಕು. ಸರಿಯಾದ ಸೂತ್ರಗಳೆಲ್ಲ ಈ ಪ್ರಶ್ನೆಯನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತವೆ.

ಮೊದಲ ವಿಧಾನ: ಹಿಂದಿನ ಸಾಲನ್ನು ನೋಡುವುದು

ಸ್ಪ್ರೆಡ್‌ಶೀಟ್‌ನಲ್ಲಿ `EOMONTH` ಎಂಬ ಒಂದು ಫಂಕ್ಷನ್ ಇದೆ. ಒಂದು ದಿನಾಂಕ ಕೊಟ್ಟರೆ ಅದು ಆ ತಿಂಗಳ ಕೊನೆಯ ದಿನವನ್ನು ಹೇಳುತ್ತದೆ. ಮೇ 29ಕ್ಕೂ ಮೇ 31ಕ್ಕೂ ಅದು ಕೊಡುವ ಉತ್ತರ 2025ರ ಮೇ 31. ಜೂನ್ 2ಕ್ಕೆ 2025ರ ಜೂನ್ 30. ಎರಡು ದಿನಾಂಕಗಳಿಗೆ ಒಂದೇ ಉತ್ತರ ಬಂದರೆ ಅವೆರಡೂ ಒಂದೇ ತಿಂಗಳಿನವು. ಉತ್ತರದಲ್ಲಿ ವರ್ಷವೂ ಸೇರಿರುವುದರಿಂದ ಹೋದ ವರ್ಷದ ಜೂನ್ ಈ ವರ್ಷದ ಜೂನ್ ಜೊತೆ ಬೆರೆಯುವುದಿಲ್ಲ. ಫೆಬ್ರವರಿಗೆ 28 ದಿನವೋ 29 ದಿನವೋ ಎಂಬ ಚಿಂತೆಯೂ ಇಲ್ಲ.

ಎರಡನೆಯ ಸಾಲಿನ ಮೇಲೆ ಶೀರ್ಷಿಕೆ ಇರುವುದರಿಂದ ಅದಕ್ಕೆ ಹೋಲಿಸಲು ಹಿಂದಿನ ದಿನಾಂಕವಿಲ್ಲ. ಅಲ್ಲಿ, C2ರಲ್ಲಿ, ಬರೀ `=B2` ಎಂದು ಬರೆದರೆ ಸಾಕು. ಮೂರನೆಯ ಸಾಲಿನಿಂದ ಈ ಸೂತ್ರ:

```
=B3+IF(EOMONTH(A3,0)=EOMONTH(A2,0),C2,0)
```

ಇದನ್ನು ಹೀಗೆ ಓದಬೇಕು: ಈ ಸಾಲಿನ ಮಾರಾಟವನ್ನು ತೆಗೆದುಕೋ; ಹಿಂದಿನ ಸಾಲು ಇದೇ ತಿಂಗಳಿನದಾದರೆ ಅಲ್ಲಿಯ ಮೊತ್ತವನ್ನು ಸೇರಿಸು, ಬೇರೆ ತಿಂಗಳಿನದಾದರೆ ಸೊನ್ನೆ ಸೇರಿಸು. C3ರಲ್ಲಿ ಬರೆದು ಕೆಳಕ್ಕೆ ಎಳೆದರೆ ಪ್ರತಿ ಸಾಲೂ ತನ್ನ ಮೇಲಿನ ಸಾಲನ್ನು ನೋಡಿಕೊಳ್ಳುತ್ತದೆ. ಐದನೆಯ ಸಾಲಿಗೆ ಬಂದಾಗ ಎರಡೂ ಕಡೆ ಮೇ 31 ಇದೆ, ಹಾಗಾಗಿ 10,000ಕ್ಕೆ 1,500 ಸೇರಿ 11,500 ಆಗುತ್ತದೆ. ಆರನೆಯ ಸಾಲಿನಲ್ಲಿ ಒಂದು ಕಡೆ ಜೂನ್ 30, ಇನ್ನೊಂದು ಕಡೆ ಮೇ 31. ಎರಡೂ ಬೇರೆಯಾದ್ದರಿಂದ 5,200 ಮಾತ್ರ ಉಳಿಯುತ್ತದೆ. ಜೂನ್ 1 ಪುಸ್ತಕದಲ್ಲಿ ಇಲ್ಲದಿದ್ದರೂ ಇದಕ್ಕೆ ತೊಂದರೆಯಾಗದು.

ಈ ವಿಧಾನದಲ್ಲಿ ಎರಡು ಅನುಕೂಲಗಳಿವೆ. ಒಂದೇ ದಿನದ ಎರಡು ಸಾಲುಗಳಲ್ಲೂ ಮೊತ್ತ ಹಂತಹಂತವಾಗಿ ಏರುತ್ತದೆ. ಜೊತೆಗೆ ಪ್ರತಿ ಸಾಲಿಗೆ ಒಂದೇ ಒಂದು ಕೂಡಿಕೆ ಇರುವುದರಿಂದ ಹತ್ತಾರು ಸಾವಿರ ಸಾಲುಗಳಿದ್ದರೂ ಹಾಳೆ ನಿಧಾನವಾಗುವುದಿಲ್ಲ. ಆದರೆ ಎರಡು ಷರತ್ತುಗಳೂ ಇವೆ. ಸಾಲುಗಳು ದಿನಾಂಕದ ಕ್ರಮದಲ್ಲಿಯೇ ಇರಬೇಕು, ಮತ್ತು ನಡುವೆ ಖಾಲಿ ಸಾಲು ಬಿಡಬಾರದು. ಅಂದಕ್ಕೆಂದು ಮೇ 30 ಮತ್ತು 31ರ ನಡುವೆ ಒಂದು ಖಾಲಿ ಸಾಲು ಬಿಟ್ಟರೆ, ಖಾಲಿ ಸೆಲ್ಲನ್ನು ಸ್ಪ್ರೆಡ್‌ಶೀಟ್ ಮೇ ತಿಂಗಳ ದಿನಾಂಕವೆಂದು ಎಣಿಸುವುದಿಲ್ಲ. ಹಾಗಾಗಿ ಮೊತ್ತ ತಿಂಗಳ ನಡುವೆಯೇ ಸೊನ್ನೆಯಿಂದ ಶುರುವಾಗುತ್ತದೆ.

ನಡುವೆ ಸಾಲು ಸೇರಿಸಿದಾಗ

ಹಿಂದಿನ ಸಾಲನ್ನು ನೋಡುವ ವಿಧಾನದ ದೊಡ್ಡ ಅಪಾಯ ಬರುವುದು ಮರೆತ ವಹಿವಾಟನ್ನು ಆಮೇಲೆ ನೆನಪಾಗಿ ಬರೆಯುವಾಗ. ಮೇ 30ರಂದು 900 ರೂಪಾಯಿಯ ಒಂದು ಮಾರಾಟ ಬಿಟ್ಟುಹೋಗಿತ್ತು ಎಂದುಕೊಳ್ಳೋಣ. ಮೂರನೆಯ ಸಾಲಿನ ಕೆಳಗೆ ಹೊಸ ಸಾಲು ಸೇರಿಸಿ, ಅದರಲ್ಲಿ 900 ಬರೆದು, ಮೇಲಿನ ಸೂತ್ರವನ್ನು ಆ ಸಾಲಿಗೆ ನಕಲು ಮಾಡಿದರೆ ಅಲ್ಲಿ 8,200 ಎಂದು ಸರಿಯಾಗಿಯೇ ಬರುತ್ತದೆ. ಎಲ್ಲವೂ ಸರಿಯಾಯಿತು ಅನ್ನಿಸುತ್ತದೆ.

ಆದರೆ ಅದರ ಕೆಳಗಿನ ಸಾಲು ಇನ್ನೂ 10,000 ಎಂದೇ ಹೇಳುತ್ತಿರುತ್ತದೆ. ಆ ಸಾಲಿನ ಸೂತ್ರ C3ನ್ನು ನೋಡುತ್ತಿತ್ತು. ಹೊಸ ಸಾಲು ನಡುವೆ ಬಂದಾಗ ತಾನು ಒಂದು ಸಾಲು ಕೆಳಗಿಳಿದರೂ ಅದು ಈಗಲೂ C3ನ್ನೇ ನೋಡುತ್ತಿದೆ. ಹೊಸ ಸಾಲಿನ 8,200ನ್ನು ಅದು ಗಮನಿಸುವುದೇ ಇಲ್ಲ. ಮೇ ತಿಂಗಳು 12,400 ಆಗಬೇಕಾದಲ್ಲಿ 11,500ಕ್ಕೇ ನಿಲ್ಲುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಸಾಲನ್ನು ಅಳಿಸಿದಾಗ ಹೀಗಾಗುವುದಿಲ್ಲ. ಆಗ ಕೆಳಗಿನ ಸಾಲುಗಳಲ್ಲಿ `#REF!` ಎಂಬ ದೋಷ ಎದ್ದು ಕಾಣುತ್ತದೆ. ಸೇರಿಸಿದಾಗಿನ ತಪ್ಪು ಮಾತ್ರ ಸದ್ದಿಲ್ಲದೆ ಉಳಿದುಬಿಡುತ್ತದೆ. ಪರಿಹಾರ ಸರಳ. ಸಾಲು ಸೇರಿಸಿದ ಪ್ರತಿ ಸಲವೂ ಸೂತ್ರವನ್ನು C3ರಿಂದ ಕೊನೆಯವರೆಗೆ ಮತ್ತೊಮ್ಮೆ ಎಳೆಯಬೇಕು.

ಎರಡನೆಯ ವಿಧಾನ: ತಿಂಗಳ ಗಡಿ ಹಾಕಿ ಕೂಡುವುದು

ಸಾಲುಗಳ ಕ್ರಮವನ್ನು ನೆಚ್ಚದ ಇನ್ನೊಂದು ವಿಧಾನವಿದೆ. ಇದು ಹಿಂದಿನ ಸಾಲನ್ನು ನೋಡುವುದೇ ಇಲ್ಲ. ಪ್ರತಿ ಸಾಲಿನಲ್ಲೂ ಇಡೀ ಪುಸ್ತಕವನ್ನು ಹೊಸದಾಗಿ ನೋಡಿ, ಈ ತಿಂಗಳ 1ರಿಂದ ಈ ಸಾಲಿನ ದಿನಾಂಕದವರೆಗೆ ಇರುವ ಮೊಬಲಗುಗಳನ್ನು ಮಾತ್ರ ಆರಿಸಿ ಕೂಡುತ್ತದೆ. ಷರತ್ತು ಹಾಕಿ ಕೂಡುವ `SUMIFS` ಎಂಬ ಫಂಕ್ಷನ್ ಇದಕ್ಕೆ ಬೇಕು. C2ರಿಂದಲೇ ಈ ಸೂತ್ರ ಬರೆಯಬಹುದು:

```
=SUMIFS(B:B,A:A,">="&DATE(YEAR(A2),MONTH(A2),1),A:A,"<="&A2)
```

ಇಲ್ಲಿ `DATE(YEAR(A2),MONTH(A2),1)` ಎಂಬ ಭಾಗ A2ರಲ್ಲಿರುವ ದಿನಾಂಕದ ವರ್ಷ ಮತ್ತು ತಿಂಗಳನ್ನು ತೆಗೆದುಕೊಂಡು ಆ ತಿಂಗಳ 1ನೇ ತಾರೀಕನ್ನು ತಾನೇ ಕಟ್ಟಿಕೊಡುತ್ತದೆ. ಆ ತಾರೀಕು ಪುಸ್ತಕದಲ್ಲಿ ಇರಬೇಕೆಂದೇನಿಲ್ಲ. ಮೊದಲ ಷರತ್ತು ಕೆಳಗಿನ ಗಡಿ, ಎರಡನೆಯದು ಮೇಲಿನ ಗಡಿ. ಮರೆತ ಸಾಲನ್ನು ಎಲ್ಲಿ ಬೇಕಾದರೂ ಸೇರಿಸಬಹುದು, ಎಲ್ಲಕ್ಕಿಂತ ಕೆಳಗೂ ಬರೆಯಬಹುದು. ಬೇರೆ ಸಾಲುಗಳ ಮೊತ್ತ ತಾನಾಗಿ ಸರಿಹೋಗುತ್ತದೆ. ನಡುವೆ ಖಾಲಿ ಸಾಲು ಇದ್ದರೂ ಅದರ ಮೇಲೆ ಕೆಳಗೆ ಇರುವ ಮೊತ್ತಗಳು ಕೆಡುವುದಿಲ್ಲ.

ಇದರ ಫಲಿತಾಂಶ ಮೊದಲ ವಿಧಾನಕ್ಕಿಂತ ಒಂದು ಕಡೆ ಬೇರೆಯಾಗಿ ಕಾಣುತ್ತದೆ. ಮೇ 31ರ ಎರಡೂ ಸಾಲುಗಳಲ್ಲಿ 11,500 ಎಂದೇ ಬರುತ್ತದೆ, ಜೂನ್ 2ರ ಎರಡೂ ಸಾಲುಗಳಲ್ಲಿ 7,000 ಎಂದೇ ಬರುತ್ತದೆ. ಮೇಲಿನ ಗಡಿ ದಿನಾಂಕವೇ ಹೊರತು ಸಾಲಲ್ಲವಾದ್ದರಿಂದ ಒಂದೇ ದಿನದ ಸಾಲುಗಳೆಲ್ಲ ಆ ದಿನದ ಕೊನೆಯ ಮೊತ್ತವನ್ನು ತೋರಿಸುತ್ತವೆ. ಅದು ತಪ್ಪಲ್ಲ. ದಿನಕ್ಕೊಂದು ಅಂಕಿ ಬೇಕಾದವರಿಗೆ ಅದೇ ಒಳ್ಳೆಯದು. ಪ್ರತಿ ಬಿಲ್ಲಿಗೂ ಒಂದೊಂದು ಮೆಟ್ಟಿಲು ಏರುವ ಮೊತ್ತವೇ ಬೇಕೆಂದರೆ ಮೊದಲ ವಿಧಾನವನ್ನು ಹಿಡಿಯಬೇಕು.

ಇದರಲ್ಲಿ ಇನ್ನೊಂದು ಮಿತಿ ವೇಗದ್ದು. ಪ್ರತಿ ಸಾಲೂ ಇಡೀ ಪುಸ್ತಕವನ್ನು ಓದುವುದರಿಂದ 10,000 ಸಾಲುಗಳ ಪುಸ್ತಕದಲ್ಲಿ 10,000 ಸಲ 10,000 ಸಾಲುಗಳನ್ನು, ಎಂದರೆ ಹತ್ತು ಕೋಟಿ ಸಲ ದಿನಾಂಕಗಳನ್ನು ಪರೀಕ್ಷಿಸಬೇಕಾಗಬಹುದು. ಮನೆಯ ಖರ್ಚಿಗೂ ಸಣ್ಣ ಅಂಗಡಿಯ ಒಂದು ವರ್ಷದ ಲೆಕ್ಕಕ್ಕೂ ಇದು ಅಡ್ಡಿಯಾಗದು. ಪ್ರತಿ ಬಿಲ್ಲನ್ನೂ ದಾಖಲಿಸುವ ದೊಡ್ಡ ಹಾಳೆಯಲ್ಲಿ ಮಾತ್ರ ಒಂದು ಅಂಕಿ ತಿದ್ದಿದಾಗಲೆಲ್ಲ ಕಾಯಬೇಕಾದೀತು.

ವರ್ಷವನ್ನು ಬಿಟ್ಟರೆ

ಎರಡನೆಯ ವಿಧಾನವನ್ನು ಸರಳಗೊಳಿಸಲು ಕೆಲವರು ಪಕ್ಕದಲ್ಲಿ ತಿಂಗಳ ಸಂಖ್ಯೆಗೆಂದೇ ಒಂದು ಕಾಲಂ ಇಟ್ಟು, ಅದರಲ್ಲಿ `=MONTH(A2)` ಎಂದು ಬರೆಯುತ್ತಾರೆ. ಜೂನ್‌ಗೆ 6 ಎಂದು ಬರುತ್ತದೆ. ಆಮೇಲೆ 6 ಇರುವ ಸಾಲುಗಳನ್ನೆಲ್ಲ ಕೂಡುತ್ತಾರೆ. ಮೊದಲ ಹನ್ನೆರಡು ತಿಂಗಳು ಇದು ಯಾವ ದೋಷವನ್ನೂ ತೋರಿಸುವುದಿಲ್ಲ. ತಪ್ಪು ಹೊರಬೀಳುವುದು ಒಂದು ವರ್ಷ ಕಳೆದ ಮೇಲೆ. 2026ರ ಜೂನ್‌ನ ಮೊದಲ ಸಾಲಿಗೆ 2025ರ ಇಡೀ ಜೂನ್‌ನ ಮಾರಾಟವೂ ಬಂದು ಸೇರುತ್ತದೆ. ತಿಂಗಳ ಮೊದಲ ಸಾಲಿನಲ್ಲಿ C ಕಾಲಂನ ಅಂಕಿ ಆ ಸಾಲಿನ B ಕಾಲಂಗಿಂತ ಬಹಳ ದೊಡ್ಡದಾಗಿ ಕಂಡರೆ ಕಾರಣ ಬಹುಶಃ ಇದೇ. ಅಂಥ ಸಹಾಯಕ ಕಾಲಂ ಬೇಕೇ ಬೇಕೆಂದರೆ ಅದರಲ್ಲಿ ವರ್ಷವನ್ನೂ ಸೇರಿಸಬೇಕು:

```
=YEAR(A2)*100+MONTH(A2)
```

ಇದು 2025ರ ಜೂನ್‌ಗೆ 202506 ಎಂದೂ 2026ರ ಜೂನ್‌ಗೆ 202606 ಎಂದೂ ಕೊಡುತ್ತದೆ. ಎರಡೂ ಎಂದಿಗೂ ಬೆರೆಯುವುದಿಲ್ಲ.

ದಿನಾಂಕದಂತೆ ಕಂಡರೂ ದಿನಾಂಕವಲ್ಲದ್ದು

ಸ್ಪ್ರೆಡ್‌ಶೀಟ್‌ ದಿನಾಂಕವನ್ನು ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಈಚಿನ ದಿನಾಂಕಗಳಿಗೆ ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಈ ಸಂಖ್ಯೆ ಒಂದೇ. 2025ರ ಮೇ 31 ಎಂದರೆ 45808, ಜೂನ್ 1 ಎಂದರೆ 45809. ದಿನಕ್ಕೊಂದರಂತೆ ಸಂಖ್ಯೆ ಏರುತ್ತದೆ. ಪರದೆಯ ಮೇಲೆ ಕಾಣುವ 31/05/2025 ಎಂಬುದು ಆ ಸಂಖ್ಯೆಗೆ ತೊಡಿಸಿದ ರೂಪ ಮಾತ್ರ. ಸೂತ್ರಗಳೆಲ್ಲ ಕೆಲಸ ಮಾಡುವುದು ಒಳಗಿನ ಸಂಖ್ಯೆಯ ಮೇಲೆ.

ತೊಂದರೆ ಹುಟ್ಟುವುದು ಹಾಳೆಯ ದೇಶ ಸೆಟ್ಟಿಂಗ್ ಅಮೆರಿಕದ್ದಾಗಿದ್ದಾಗ. ಅಲ್ಲಿ ಮೊದಲು ತಿಂಗಳು, ಆಮೇಲೆ ದಿನ. ಅಂಥ ಹಾಳೆಯಲ್ಲಿ ನಮ್ಮ ರೂಢಿಯಂತೆ 29/05/2025 ಎಂದು ಬರೆದರೆ 29ನೇ ತಿಂಗಳು ಇಲ್ಲವಾದ್ದರಿಂದ ಅದು ದಿನಾಂಕವಾಗದೆ ಬರಿಯ ಅಕ್ಷರಗಳಾಗಿ ಉಳಿಯುತ್ತದೆ. 02/06/2025 ಎಂದು ಬರೆದರೆ ಅದು ದಿನಾಂಕವೇ ಆಗುತ್ತದೆ, ಆದರೆ ಜೂನ್ 2 ಆಗದೆ ಫೆಬ್ರವರಿ 6 ಆಗುತ್ತದೆ. 03/06/2025 ಮಾರ್ಚ್ 6 ಆಗುತ್ತದೆ.

ಅಂಗಡಿಯ ಪುಸ್ತಕದಲ್ಲಿ ಎರಡನೆಯ ವಿಧಾನದ ಸೂತ್ರ ಹಾಕಿದರೆ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಮೇ ತಿಂಗಳ ನಾಲ್ಕೂ ಸಾಲುಗಳಲ್ಲಿ `#VALUE!` ಎಂಬ ದೋಷ ಬರುತ್ತದೆ. ಜೂನ್ 2ರ ಎರಡು ಸಾಲುಗಳಲ್ಲಿ 7,000 ಎಂದು ಬರುತ್ತದೆ, ನೋಡಲು ಸರಿಯಾಗಿಯೇ ಇದೆ. ಜೂನ್ 3ರ ಸಾಲಿನಲ್ಲಿ 11,600 ಬರಬೇಕಾದಲ್ಲಿ 4,600 ಬರುತ್ತದೆ. ಹಾಳೆಯ ಪ್ರಕಾರ ಅದು ಮಾರ್ಚ್‌ನ ಮೊದಲ ವಹಿವಾಟು. ದೋಷ ತೋರಿಸುವ ಸಾಲುಗಳನ್ನು ಯಾರಾದರೂ ಸರಿಪಡಿಸುತ್ತಾರೆ. ದೋಷ ತೋರಿಸದೆ ತಪ್ಪು ಹೇಳುವ ಸಾಲು ಉಳಿದುಬಿಡುತ್ತದೆ. ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಮೊತ್ತ ದಿನದಿನವೂ ಹೊಸದಾಗಿ ಶುರುವಾಗುತ್ತಿದ್ದು, 13ರಿಂದ ಮುಂದೆ ದೋಷ ಬರುತ್ತಿದ್ದರೆ ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ಇದನ್ನು ಗುರುತಿಸುವ ಸುಲಭ ದಾರಿಯೊಂದಿದೆ. ಯಾರೂ ಬದಲಿಸದಿದ್ದರೆ ನಿಜವಾದ ದಿನಾಂಕ ಸೆಲ್ಲಿನ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರಗಳಾಗಿ ಉಳಿದದ್ದು ಎಡಕ್ಕೆ ಒತ್ತಿಕೊಂಡಿರುತ್ತದೆ. ಇನ್ನೂ ಖಚಿತವಾಗಬೇಕೆಂದರೆ ಖಾಲಿ ಕಾಲಂನಲ್ಲಿ `=TEXT(A6,"dd mmm yyyy")` ಎಂದು ಬರೆದು ನೋಡಬೇಕು. ತಿಂಗಳ ಹೆಸರು ಅಕ್ಷರದಲ್ಲೇ ಬರುವುದರಿಂದ ಜೂನ್ ಫೆಬ್ರವರಿಯಾಗಿದ್ದರೆ ತಕ್ಷಣ ತಿಳಿಯುತ್ತದೆ.

ಗೂಗಲ್ ಶೀಟ್ಸ್‌ನಲ್ಲಿ `File > Settings > Locale` ಎಂಬಲ್ಲಿ `India` ಆರಿಸಿದರೆ ಮುಂದೆ ಬರೆಯುವ ದಿನಾಂಕಗಳು ಸರಿಯಾಗುತ್ತವೆ. ಎಕ್ಸೆಲ್ ಈ ಸೆಟ್ಟಿಂಗನ್ನು ವಿಂಡೋಸ್‌ನಿಂದ ತೆಗೆದುಕೊಳ್ಳುತ್ತದೆ. ಈಗಾಗಲೇ ಅಕ್ಷರಗಳಾಗಿ ಕುಳಿತ ದಿನಾಂಕಗಳಿಗೆ ಎಕ್ಸೆಲ್‌ನ `Data > Text to Columns` ಒಳಗೆ `Date: DMY` ಆರಿಸಬೇಕು. ಆದರೆ ಅದನ್ನು ಆ ಸಾಲುಗಳ ಮೇಲೆ ಮಾತ್ರ ಬಳಸಬೇಕು. ಈಗಾಗಲೇ ಫೆಬ್ರವರಿ 6 ಆಗಿಹೋದ ಸಾಲುಗಳಿಗೆ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡುವ ಈ ಸೂತ್ರ ಬೇಕು:

```
=DATE(YEAR(A6),DAY(A6),MONTH(A6))
```

ಅಂದಂದಿನ ಲೆಕ್ಕ ಅಂದೇ ಬರೆಯುವವರು ದಿನಾಂಕವನ್ನು ಟೈಪ್ ಮಾಡದೆ `Ctrl` ಮತ್ತು `;` ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ದಿನದ ನಿಜವಾದ ದಿನಾಂಕವೇ ಬಂದು ಕೂರುತ್ತದೆ. ಆಗ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ತಿಂಗಳ ಕೊನೆಯ ಸಂಜೆಯ ಬಿಲ್ಲು

ಬಿಲ್ಲಿಂಗ್ ಆಪ್‌ಗಳಿಂದ ಇಳಿಸಿಕೊಂಡ ಪಟ್ಟಿಗಳಲ್ಲಿ ಸಾಮಾನ್ಯವಾಗಿ ದಿನಾಂಕದ ಜೊತೆ ಸಮಯವೂ ಇರುತ್ತದೆ. ಸ್ಪ್ರೆಡ್‌ಶೀಟ್ ಸಮಯವನ್ನು ದಿನದ ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ. ಮೇ 31ರ ಸಂಜೆ 7.30 ಎಂದರೆ 45808.8125. ಸೆಲ್ಲಿನ ರೂಪ ಬರೀ ದಿನಾಂಕವೆಂದಿದ್ದರೆ ಈ ದಶಮಾಂಶ ಕಣ್ಣಿಗೆ ಬೀಳುವುದಿಲ್ಲ.

ತಿಂಗಳ ಕೆಳಗಿನ ಗಡಿಯನ್ನು ಬರೆಯಲು ಬಹಳ ಮಂದಿ "ಹಿಂದಿನ ತಿಂಗಳ ಕೊನೆಯ ದಿನಕ್ಕಿಂತ ದೊಡ್ಡದು" ಎಂಬ ಷರತ್ತು ಹಾಕುತ್ತಾರೆ: `">"&EOMONTH(A6,-1)`. ಸಮಯವಿಲ್ಲದ ದಿನಾಂಕಗಳಿಗೆ ಇದು ಸರಿಯೇ. ಆದರೆ ಜೂನ್‌ನ ಸಾಲಿಗೆ ಈ ಗಡಿ 45808 ಆಗುತ್ತದೆ, ಮತ್ತು ಮೇ 31ರ ಸಂಜೆಯ 45808.8125 ಅದಕ್ಕಿಂತ ದೊಡ್ಡದು. ಹಾಗಾಗಿ ಆ ಸಂಜೆಯ 1,500 ರೂಪಾಯಿ ಮೇ ತಿಂಗಳಲ್ಲೂ ಎಣಿಕೆಯಾಗಿ ಜೂನ್‌ನಲ್ಲೂ ಎಣಿಕೆಯಾಗುತ್ತದೆ. ಜೂನ್ 3ಕ್ಕೆ 11,600 ಇರಬೇಕಾದ ಮೊತ್ತ 13,100 ಆಗುತ್ತದೆ. ಮೇಲಿನ ಸೂತ್ರದಲ್ಲಿ "ಈ ತಿಂಗಳ 1ನೇ ತಾರೀಕು ಅಥವಾ ಅದರ ನಂತರ" ಎಂದು ಗಡಿ ಹಾಕಿರುವುದು ಇದಕ್ಕಾಗಿಯೇ. ಜೂನ್ 1ರ 45809ಕ್ಕಿಂತ ಮೇ 31ರ ಯಾವ ಗಳಿಗೆಯೂ ಚಿಕ್ಕದೇ.

1ನೇ ತಾರೀಕಿಗೆ ಶುರುವಾಗದ ತಿಂಗಳು

ಎಲ್ಲ ತಿಂಗಳೂ ಕ್ಯಾಲೆಂಡರಿನ ತಿಂಗಳಾಗಿರುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಿಲ್ಲು 16ರಿಂದ ಮುಂದಿನ 15ರವರೆಗೆ ನಡೆಯುತ್ತಿದ್ದರೆ ಮೊತ್ತ 16ಕ್ಕೆ ಹೊಸದಾಗಬೇಕು. ಇದಕ್ಕೆ ಎರಡೂ ದಿನಾಂಕಗಳಿಂದ 15 ದಿನ ಕಳೆದು ಹೋಲಿಸಿದರೆ ಸಾಕು:

```
=B3+IF(EOMONTH(A3-15,0)=EOMONTH(A2-15,0),C2,0)
```

ಜೂನ್ 16ರಿಂದ 15 ಕಳೆದರೆ ಜೂನ್ 1, ಜೂನ್ 15ರಿಂದ 15 ಕಳೆದರೆ ಮೇ 31. ಗಡಿ ಸರಿಯಾಗಿ 16ಕ್ಕೇ ಬೀಳುತ್ತದೆ. ಏಪ್ರಿಲ್ 1ಕ್ಕೆ ಶುರುವಾಗುವ ಆರ್ಥಿಕ ವರ್ಷದ ಮೊತ್ತಕ್ಕೂ ಯುಕ್ತಿ ಇದೇ. ಎರಡೂ ದಿನಾಂಕಗಳನ್ನು ಮೂರು ತಿಂಗಳು ಹಿಂದಕ್ಕೆ ಸರಿಸಿ, `YEAR(EDATE(A3,-3))` ಎಂಬುದನ್ನು `YEAR(EDATE(A2,-3))` ಜೊತೆ ಹೋಲಿಸಬೇಕು.

ಪಂಚಾಂಗದ ಮಾಸಗಳ ಪ್ರಕಾರ ಸೇವೆ, ಕಾಣಿಕೆಗಳ ಲೆಕ್ಕ ಇಡುವ ಕಡೆ ಇಂಥ ಕಳೆಯುವ ಲೆಕ್ಕ ನಡೆಯುವುದಿಲ್ಲ. ಕರ್ನಾಟಕದಲ್ಲಿ ರೂಢಿಯಲ್ಲಿರುವ ಚಾಂದ್ರಮಾನ ಮಾಸ ಅಮಾವಾಸ್ಯೆಯ ಮರುದಿನದ ಪಾಡ್ಯಕ್ಕೆ ಆರಂಭವಾಗುತ್ತದೆ. ಅದು ಯಾವ ತಾರೀಕಿಗೆ ಬರುತ್ತದೆಂದು ಸ್ಪ್ರೆಡ್‌ಶೀಟ್‌ಗೆ ಗೊತ್ತಿಲ್ಲ. ಅಲ್ಲಿ D ಕಾಲಂನಲ್ಲಿ ಪ್ರತಿ ಸಾಲಿಗೂ ಮಾಸದ ಹೆಸರು ಬರೆದು, ಹಿಂದಿನ ಸಾಲಿನ ಹೆಸರಿನೊಂದಿಗೆ ಹೋಲಿಸಬೇಕು:

```
=B3+IF(D3=D2,C2,0)
```

ಅಧಿಕ ಮಾಸ ಬರುವ ವರ್ಷದಲ್ಲಿ ಅಧಿಕ ಆಷಾಢ, ನಿಜ ಆಷಾಢ ಎಂದು ಎರಡಕ್ಕೂ ಬೇರೆ ಬೇರೆ ಹೆಸರು ಬರೆಯದಿದ್ದರೆ ಎರಡೂ ಒಂದೇ ಮಾಸವೆಂದು ಕೂಡಿಹೋಗುತ್ತವೆ.

ಸರಿಯಿದೆಯೇ ಎಂದು ನೋಡುವ ಬಗೆ

ಈ ಕಾಲಂ ಸರಿಯಿದೆಯೇ ಎಂದು ನೋಡಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದು ಬರೀ ಕಣ್ಣಿನದು. ಮೊದಲ ವಿಧಾನದಲ್ಲಿ ಪ್ರತಿ ತಿಂಗಳ ಮೊದಲ ಸಾಲಿನ C ಅಂಕಿ ಅದೇ ಸಾಲಿನ B ಅಂಕಿಗೆ ಸಮವಾಗಿರಬೇಕು. ಎರಡನೆಯ ವಿಧಾನದಲ್ಲಿ ಅದು ಮೊದಲ ದಿನದ ಎಲ್ಲ ಸಾಲುಗಳ ಮೊತ್ತಕ್ಕೆ ಸಮವಾಗಿರಬೇಕು. ಹಾಗಿಲ್ಲದಿದ್ದರೆ ಗಡಿ ಬೇರೆಲ್ಲೋ ಬಿದ್ದಿದೆ.

ಎರಡನೆಯದು ಕೂಡಿ ನೋಡುವುದು. ಪ್ರತಿ ತಿಂಗಳ ಕೊನೆಯ ಸಾಲಿನ ಮೊತ್ತಗಳನ್ನು ಕೂಡಿದರೆ B ಕಾಲಂನ ಒಟ್ಟು ಮೊತ್ತ, ಎಂದರೆ `=SUM(B:B)`, ಬರಬೇಕು. ಅಂಗಡಿಯ ಪುಸ್ತಕದಲ್ಲಿ 11,500 ಮತ್ತು 11,600 ಸೇರಿ 23,100, B ಕಾಲಂನ ಒಟ್ಟೂ 23,100. ನಡುವೆ 900 ರೂಪಾಯಿಯ ಸಾಲು ಸೇರಿಸಿ ಸೂತ್ರವನ್ನು ಮತ್ತೆ ಎಳೆಯದಿದ್ದಾಗ B ಕಾಲಂ 24,000 ಎನ್ನುತ್ತದೆ, ತಿಂಗಳ ಕೊನೆಯ ಮೊತ್ತಗಳು 23,100 ಎನ್ನುತ್ತವೆ. ವ್ಯತ್ಯಾಸ 900, ಬಿಟ್ಟುಹೋದ ಸಾಲಿನ ಮೊಬಲಗೇ ಅದು. ಸಂಜೆಯ ಬಿಲ್ಲು ಎರಡು ಸಲ ಎಣಿಕೆಯಾದಾಗ ತಿಂಗಳ ಕೊನೆಯ ಮೊತ್ತಗಳು 24,600 ಆಗಿ, B ಕಾಲಂಗಿಂತ 1,500 ಹೆಚ್ಚು ಬರುತ್ತದೆ. ಕಡಿಮೆ ಬಂದರೆ ಯಾವುದೋ ಸಾಲು ಬಿಟ್ಟುಹೋಗಿದೆ, ಹೆಚ್ಚು ಬಂದರೆ ಯಾವುದೋ ಸಾಲು ಎರಡು ತಿಂಗಳಲ್ಲಿ ಸೇರಿದೆ. ಒಂದೇ ಸಾಲು ತಪ್ಪಿದ್ದರೆ ವ್ಯತ್ಯಾಸದ ಅಂಕಿಯನ್ನು B ಕಾಲಂನಲ್ಲಿ ಹುಡುಕಿದಾಗ ಆ ಸಾಲೇ ಸಿಗುತ್ತದೆ.

ದಿನ ಮತ್ತು ತಿಂಗಳು ಅದಲುಬದಲಾದ ತಪ್ಪು ಮಾತ್ರ ಈ ಎರಡನೆಯ ಪರೀಕ್ಷೆಗೆ ಸಿಕ್ಕದೆ ಹೋಗಬಹುದು. ಹಾಳೆ ತಾನು ನಂಬಿದ ತಿಂಗಳುಗಳ ಲೆಕ್ಕವನ್ನು ಸರಿಯಾಗಿಯೇ ಕೂಡಿರುತ್ತದೆ, ತಿಂಗಳುಗಳೇ ತಪ್ಪಾಗಿರುತ್ತವೆ. ಅದಕ್ಕಾಗಿ ಮೊತ್ತದ ಕಾಲಂ ನೋಡುವ ಮೊದಲು ದಿನಾಂಕದ ಕಾಲಂನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಕಾಣುವಂತೆ ರೂಪ ಬದಲಿಸಿ, ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಕಣ್ಣಾಡಿಸಬೇಕು.